ಟೀಸರ್ ಸ್ಕ್ರಿಪ್ಟ್‌ನಲ್ಲಿ ಬಚ್ಚಿಡಬೇಕಾದದ್ದು ಕೊನೆಯ ದೃಶ್ಯವಲ್ಲ

ಪ್ರಶ್ನೆ: ನನ್ನ ಹದಿನೈದು ನಿಮಿಷದ ಕಿರುಚಿತ್ರಕ್ಕೆ ಟೀಸರ್ ಸ್ಕ್ರಿಪ್ಟ್ ಬರೆಯುತ್ತಿದ್ದೇನೆ. ಕೊನೆಯ ದೃಶ್ಯವೊಂದನ್ನು ಬಿಟ್ಟು ಉಳಿದ ಒಳ್ಳೆಯ ಶಾಟ್‌ಗಳನ್ನು ಸೇರಿಸಿದರೆ ಅಂತ್ಯ ಬಯಲಾಗದಂತೆ ಕುತೂಹಲ ಹುಟ್ಟಿಸಬಹುದೇ?

ಸಾಧ್ಯವಿಲ್ಲ. ನಾನು ಇದೇ ನಂಬಿಕೆಯಿಂದ ಟೀಸರ್ ಮಾಡಿ ಒಂದು ಚಿತ್ರವನ್ನು ಕೆಡಿಸಿಕೊಂಡಿದ್ದೇನೆ. ಅದು ಹೇಗೆಂದು ವಿವರಿಸಲು ಆ ಚಿತ್ರದ ಅಂತ್ಯವನ್ನೇ ಇಲ್ಲಿ ಹೇಳಬೇಕಾಗುತ್ತದೆ.

ಕಥೆ ಇಷ್ಟೇ. ಒಂದು ಮನೆಯಲ್ಲಿ ಅಕ್ಕ ಮತ್ತು ತಮ್ಮ ಇಬ್ಬರೇ ಇದ್ದಾರೆ. ಪ್ರತಿ ರಾತ್ರಿ ತಮ್ಮ ಅಕ್ಕನ ಕೋಣೆಗೆ ಹೊರಗಿನಿಂದ ಬೀಗ ಹಾಕಿ, ಕೀಲಿಯನ್ನು ಕೊರಳಿಗೆ ನೇತುಹಾಕಿಕೊಂಡು ಮಲಗುತ್ತಾನೆ. ಅವನು ಅವಳನ್ನು ಕೂಡಿಹಾಕಿದ್ದಾನೆಂದು ನಾವು ಭಾವಿಸುತ್ತೇವೆ. ಅವಳಿಗೆ ನಿದ್ದೆಯಲ್ಲಿ ಎದ್ದು ನಡೆಯುವ ತೊಂದರೆ ಇದೆ, ಬೀಗ ಹಾಕೆಂದು ಕೇಳಿಕೊಂಡವಳು ಅವಳೇ ಎಂಬುದು ಕೊನೆಯಲ್ಲಿ ತಿಳಿಯುತ್ತದೆ.

ಟೀಸರ್ ಕತ್ತರಿಸುವಾಗ ನಾನು ಕೊನೆಯ ಎರಡು ನಿಮಿಷಗಳನ್ನು ಮುಟ್ಟಲೇ ಇಲ್ಲ. ಮಧ್ಯಭಾಗದಿಂದ ಎರಡು ತುಣುಕುಗಳನ್ನು ಆರಿಸಿದೆ. ಮೊದಲನೆಯದು ಬೆಳಗಿನ ಬೆಳಕಿನಲ್ಲಿ ಅಕ್ಕನ ಕೆಸರು ಮೆತ್ತಿದ ಪಾದಗಳ ಕ್ಲೋಸಪ್. ಎರಡನೆಯದು ಅವಳ ಮಾತು: “ನಿನ್ನೆ ರಾತ್ರಿ ಬೀಗ ಹಾಕಿರ್ಲಿಲ್ವೇನೋ ನೀನು?” ಇಡೀ ಚಿತ್ರದಲ್ಲಿ ಆ ನಟಿಯ ದನಿ ಅತ್ಯಂತ ತೀವ್ರವಾಗಿ ಕೇಳಿಸುವುದು ಆ ಸಾಲಿನಲ್ಲಿ, ಆದ್ದರಿಂದ ಅದನ್ನು ಬಿಡಲು ನನಗೆ ಮನಸ್ಸಾಗಲಿಲ್ಲ.

ಆ ಸಾಲು ಮಾಡಿದ ಹಾನಿಯನ್ನು ಸ್ವಲ್ಪ ನಿಧಾನವಾಗಿಯೇ ಬಿಡಿಸಿ ನೋಡಬೇಕು. ಕೂಡಿಹಾಕಲ್ಪಟ್ಟವಳು ಬೀಗವಿಲ್ಲದ ರಾತ್ರಿಯ ಬಗ್ಗೆ ಗಾಬರಿಯಿಂದ ಕೇಳುವುದಿಲ್ಲ. ಅವಳಿಗೆ ಬೀಗ ಬೇಕಾಗಿದೆ ಎಂಬುದನ್ನು ಆ ಒಂದು ಪ್ರಶ್ನೆ ಹೇಳಿಬಿಡುತ್ತದೆ. ಅದರ ಪಕ್ಕದಲ್ಲೇ ಕೆಸರಿನ ಪಾದಗಳಿದ್ದರೆ, ಅವಳು ರಾತ್ರಿ ಹೊರಗೆ ಹೋಗಿದ್ದಳು ಮತ್ತು ಅದು ಅವಳಿಗೇ ಗೊತ್ತಿರಲಿಲ್ಲ ಎಂಬುದೂ ಹೊರಬೀಳುತ್ತದೆ. ಎರಡು ಶಾಟ್‌ಗಳನ್ನು ಅಕ್ಕಪಕ್ಕ ಇಟ್ಟಾಗ, ಅವೆರಡರಲ್ಲೂ ಇಲ್ಲದ ಮೂರನೆಯ ಅರ್ಥವನ್ನು ನೋಡುಗನೇ ಕಟ್ಟಿಕೊಳ್ಳುತ್ತಾನೆ. ಎಡಿಟಿಂಗ್ ಎಂಬ ಕಲೆ ನಿಂತಿರುವುದೇ ಇದರ ಮೇಲೆ. ನಾನು ಒಂದೊಂದು ಶಾಟನ್ನೂ ಬಿಡಿಯಾಗಿ ನೋಡಿ “ಇದರಲ್ಲಿ ಅಂತ್ಯವಿಲ್ಲ” ಎಂದು ತೀರ್ಮಾನಿಸಿದ್ದೆ, ಜೋಡಿಗಳನ್ನು ಪರೀಕ್ಷಿಸಿರಲಿಲ್ಲ. ಪ್ರದರ್ಶನದ ದಿನ, ಟೀಸರ್ ನೋಡಿ ಬಂದಿದ್ದವರು ಮೊದಲ ಬೀಗದ ದೃಶ್ಯದಲ್ಲೇ ಪಕ್ಕದವರ ಕಿವಿಯಲ್ಲಿ ಉತ್ತರ ಹೇಳುತ್ತಿದ್ದರು. ಅಲ್ಲಿಂದ ಮುಂದಿನ ನಿಮಿಷಗಳೆಲ್ಲ ಅವರಿಗೆ ಬರಿಯ ಕಾಯುವಿಕೆಯಾಗಿದ್ದವು.

ಆದ್ದರಿಂದ ಕೊನೆಯ ದೃಶ್ಯವನ್ನು ಬಚ್ಚಿಡುವ ಯೋಚನೆಯನ್ನು ಬಿಡಿ. ನೋಡುಗ ಯಾವ ತಪ್ಪು ತಿಳಿವಳಿಕೆಯೊಂದಿಗೆ ಚಿತ್ರದ ಒಳಗೆ ಬರಬೇಕೋ ಅದನ್ನು ಒಂದೇ ವಾಕ್ಯದಲ್ಲಿ ಬರೆದಿಟ್ಟುಕೊಳ್ಳಿ. ನನ್ನ ಚಿತ್ರಕ್ಕೆ ಆ ವಾಕ್ಯ “ತಮ್ಮ ಅಕ್ಕನನ್ನು ಕೂಡಿಹಾಕಿದ್ದಾನೆ” ಎಂಬುದು. ಈ ವಾಕ್ಯ ಸುಳ್ಳಾದರೆ ಮಾತ್ರ ಅರ್ಥವಾಗುವ ಶಾಟ್, ಮಾತು, ಸದ್ದು ಯಾವುದೇ ಇರಲಿ, ಅದು ಚಿತ್ರದ ಎಷ್ಟನೆಯ ನಿಮಿಷದಲ್ಲಿ ಬಂದರೂ ಟೀಸರ್‌ಗೆ ಸಲ್ಲುವುದಿಲ್ಲ. ಹಾಗೆಂದು ನೋಡುಗನಿಗೆ ಸುಳ್ಳು ಹೇಳುವುದನ್ನೂ ನಾನು ಒಪ್ಪುವುದಿಲ್ಲ. ತಮ್ಮ ಅಕ್ಕನನ್ನು ಹೊಡೆಯುವಂತೆ ಭ್ರಮೆ ಹುಟ್ಟಿಸುವ ಶಾಟ್ ಹಾಕಿದರೆ ಕುತೂಹಲ ಹೆಚ್ಚುತ್ತದೆ, ನಿಜ; ಆದರೆ ಚಿತ್ರ ಮುಗಿದಾಗ ಮೋಸಹೋದೆವೆಂಬ ಸಿಟ್ಟೂ ಅಷ್ಟೇ ಹೆಚ್ಚಿರುತ್ತದೆ. ಟೀಸರ್‌ನ ಪ್ರತಿಯೊಂದು ತುಣುಕಿಗೂ ಚಿತ್ರ ನೋಡುವ ಮುಂಚೆ ಒಂದು ಅರ್ಥ ಹೊಳೆಯಬೇಕು, ನೋಡಿದ ಮೇಲೆ ಇನ್ನೊಂದು ಹೊಳೆಯಬೇಕು, ಎರಡೂ ಆ ತುಣುಕಿಗೆ ಸಹಜವಾಗಿ ಹೊಂದಬೇಕು.

ಈ ಅಳತೆಗೋಲು ಹಿಡಿದು ನಾನು ಅದೇ ಟೀಸರನ್ನು ಮೂವತ್ತೈದು ಸೆಕೆಂಡಿಗೆ ಮತ್ತೆ ಬರೆದೆ. ಪುಟವನ್ನು ಎರಡು ಅಂಕಣ ಮಾಡಿ, ಎಡಕ್ಕೆ ಕಾಣುವುದನ್ನೂ ಬಲಕ್ಕೆ ಕೇಳುವುದನ್ನೂ ಬರೆಯುವ ಪದ್ಧತಿಯನ್ನು ನೀವೂ ಅನುಸರಿಸಿ, ಏಕೆಂದರೆ ಟೀಸರ್‌ನಲ್ಲಿ ಇವೆರಡೂ ಬಹಳ ಸಲ ಬೇರೆಬೇರೆ ದಾರಿಯಲ್ಲಿ ನಡೆಯುತ್ತವೆ. ಮೊದಲ ಆರು ಸೆಕೆಂಡು ತೆರೆ ಕಪ್ಪಗಿರುತ್ತದೆ, ಬೀಗದೊಳಗೆ ಕೀಲಿ ತಿರುಗುವ ಸದ್ದು ಮಾತ್ರ ಕೇಳುತ್ತದೆ. ಆರರಿಂದ ಹನ್ನೆರಡರವರೆಗೆ ತಮ್ಮನ ಕೈ ಕಾಣುತ್ತದೆ; ಅವನು ಬೀಗವನ್ನು ಎರಡು ಸಲ ಜಗ್ಗಿ ನೋಡುತ್ತಾನೆ. ಹನ್ನೆರಡರಿಂದ ಇಪ್ಪತ್ತರವರೆಗೆ ಇಬ್ಬರೂ ಎದುರುಬದುರು ಕುಳಿತು ಮಾತಿಲ್ಲದೆ ಊಟ ಮಾಡುತ್ತಿರುತ್ತಾರೆ, ಅಕ್ಕನ ಕಣ್ಣು ಅವನ ಕೊರಳಿನ ಕೀಲಿಯ ಮೇಲಿರುತ್ತದೆ. ಇಪ್ಪತ್ತೇಳರವರೆಗೆ ರಾತ್ರಿಯ ಮುಚ್ಚಿದ ಬಾಗಿಲು. ಒಳಗಿನಿಂದ ಯಾರೋ ಎಳೆದಂತೆ ಚಿಲಕ ಮೆಲ್ಲಗೆ ಅಲುಗಿ, ಬೀಗ ಒಮ್ಮೆ ಮರಕ್ಕೆ ತಾಗುತ್ತದೆ. ಸಂಗೀತವಿಲ್ಲ, ಕೋಣೆಯ ಮೌನದ ಸದ್ದಷ್ಟೇ. ಮತ್ತೆ ನಾಲ್ಕು ಸೆಕೆಂಡು ಕಪ್ಪು, ಅದರ ಮೇಲೆ ತಮ್ಮನ ದನಿ: “ಅಕ್ಕಾ, ಇವತ್ತೊಂದು ದಿನ ಬೇಡ.” ಉಳಿದ ನಾಲ್ಕು ಸೆಕೆಂಡು ಚಿತ್ರದ ಹೆಸರಿಗೆ.

ಆ ಕೊನೆಯ ಮಾತನ್ನು ಗಮನಿಸಿ. ಟೀಸರ್ ನೋಡುವವರಿಗೆ ಅದು “ತಪ್ಪಿಸಿಕೊಳ್ಳಲು ಯತ್ನಿಸಬೇಡ” ಎಂಬ ಎಚ್ಚರಿಕೆಯಂತೆ ಕೇಳುತ್ತದೆ. ಚಿತ್ರದಲ್ಲಿ ಅವನು ಹೇಳುತ್ತಿರುವುದು “ಇವತ್ತೊಂದು ದಿನ ನಿನ್ನ ಕೋಣೆಗೆ ಬೀಗ ಹಾಕುವುದು ಬೇಡ” ಎಂದು. ಇಂಥ ಒಂದು ಸಾಲು ನಿಮ್ಮ ಚಿತ್ರದಲ್ಲಿ ಇಲ್ಲದಿದ್ದರೆ ಟೀಸರ್‌ಗೆಂದೇ ಬರೆದು ದನಿಮುದ್ರಣ ಮಾಡಿಸಿ. ಅಲುಗುವ ಚಿಲಕದ ಶಾಟ್ ನನ್ನ ಚಿತ್ರದಲ್ಲಿ ಇರಲೇ ಇಲ್ಲ, ಅದನ್ನು ಟೀಸರ್‌ಗಾಗಿಯೇ ಚಿತ್ರೀಕರಿಸಿದೆವು. ಇದು ಹೊಸ ಉಪಾಯವೇನೂ ಅಲ್ಲ: 1960ರ ‘ಸೈಕೋ’ ಚಿತ್ರದ ಟ್ರೇಲರ್‌ನಲ್ಲಿ ಆಲ್‌ಫ್ರೆಡ್ ಹಿಚ್‌ಕಾಕ್ ತಾನೇ ಸೆಟ್‌ನಲ್ಲಿ ಅಡ್ಡಾಡುತ್ತ ಮಾತನಾಡುತ್ತಾರೆ, ಕೊನೆಯಲ್ಲಿ ಸ್ನಾನದ ಪರದೆ ಸರಿದಾಗ ಚೀರುವ ನಟಿಯೂ ಚಿತ್ರದಲ್ಲಿ ಆ ದೃಶ್ಯದಲ್ಲಿರುವ ಜಾನೆಟ್ ಲೀ ಅಲ್ಲ, ವೆರಾ ಮೈಲ್ಸ್. ನಿಮ್ಮ ಚಿತ್ರೀಕರಣ ಇನ್ನೂ ಮುಗಿದಿಲ್ಲವಾದರೆ ಟೀಸರ್ ಸ್ಕ್ರಿಪ್ಟನ್ನು ಈಗಲೇ ಬರೆದು, ಬೇಕಾದ ಎರಡು ಮೂರು ಶಾಟ್‌ಗಳನ್ನು ಅದೇ ಬೆಳಕಿನಲ್ಲಿ, ಅದೇ ಉಡುಪಿನಲ್ಲಿ ತೆಗೆದುಕೊಂಡುಬಿಡಿ. ಆಮೇಲೆ ಸೆಟ್ಟನ್ನು ಮತ್ತೆ ಹೊಂದಿಸುವುದು ಕಿರುಚಿತ್ರದ ತಂಡಕ್ಕೆ ಆಗುವ ಮಾತಲ್ಲ.

“ಒಳ್ಳೆಯ ಶಾಟ್‌ಗಳನ್ನು ಸೇರಿಸಿದರೆ” ಎಂಬ ನಿಮ್ಮ ಮಾತಿಗೂ ನನ್ನ ವಿರೋಧವಿದೆ. ಸುಂದರವಾದ, ಒಂದಕ್ಕೊಂದು ಸಂಬಂಧವಿಲ್ಲದ ಶಾಟ್‌ಗಳ ಕೆಳಗೆ ಗುಡುಗುವ ಸಂಗೀತ ಹಾಕಿದರೆ ಅಂತ್ಯವೇನೋ ಬಯಲಾಗುವುದಿಲ್ಲ, ಆದರೆ ನೋಡುಗನಿಗೆ ಕೇಳಿಕೊಳ್ಳಲು ಪ್ರಶ್ನೆಯೂ ಸಿಗುವುದಿಲ್ಲ. ಬಾಗಿಲಿನ ಹಿಂದೆ ಏನಿದೆ ಎಂದು ಬಿಳಿ ಅಕ್ಷರಗಳಲ್ಲಿ ಬರೆದು ಕೇಳುವುದನ್ನಂತೂ ಮಾಡಬೇಡಿ. ಚಿಲಕ ಅಲುಗಿದಾಗ ನೋಡುಗ ಆ ಪ್ರಶ್ನೆಯನ್ನು ತಾನೇ ಕೇಳಿಕೊಂಡಿರುತ್ತಾನೆ.

ಕತ್ತರಿಸಿದ ಮೇಲೆ ಕಥೆ ಗೊತ್ತಿಲ್ಲದ ಮೂರ್ನಾಲ್ಕು ಜನರಿಗೆ ಬೇರೆಬೇರೆಯಾಗಿ ತೋರಿಸಿ. ಹೇಗಿದೆ ಎಂದು ಕೇಳಬೇಡಿ, ಆ ಮನೆಯಲ್ಲಿ ಏನು ನಡೆಯುತ್ತಿದೆ ಎಂದು ಕೇಳಿ. ನೀವು ಬರೆದಿಟ್ಟ ತಪ್ಪು ವಾಕ್ಯವನ್ನೇ ಅವರು ಖಚಿತವಾಗಿ ಹೇಳಿದರೆ ಟೀಸರ್ ಸಿದ್ಧವಾಗಿದೆ. ಏನೂ ತಿಳಿಯಲಿಲ್ಲ ಎಂದರೆ ಸುಳಿವು ಸಾಲದು, ಊಟದ ದೃಶ್ಯದಂಥ ಸಂಬಂಧ ತೋರಿಸುವ ಶಾಟ್ ಒಂದನ್ನು ಸೇರಿಸಿ. ಸರಿಯಾದ ಉತ್ತರವನ್ನೇ ಹೇಳಿದರೆ ಅದು ಎಲ್ಲಿ ಹೊಳೆಯಿತೆಂದು ಕೇಳಿ, ಅವರು ತೋರಿಸಿದ ಶಾಟನ್ನಲ್ಲದೆ ಅದರ ಹಿಂದಿನದನ್ನೂ ಒಂದೊಂದಾಗಿ ತೆಗೆದು ನೋಡಿ, ಪ್ರತಿ ಸಲವೂ ಹೊಸಬರಿಗೆ ತೋರಿಸಿ.