ಐದು ವರ್ಷ, 30 ಲಕ್ಷ: ಒಬ್ಬ ಪೈಪ್ ವೆಲ್ಡರ್‌ನ ಉತ್ತರ

ಪ್ರಶ್ನೆ: ಐಟಿಐ ವೆಲ್ಡರ್, ವಯಸ್ಸು 26. ಅಬುಧಾಬಿಯಲ್ಲಿ ಎರಡು ವರ್ಷದ ಕಾಂಟ್ರಾಕ್ಟ್ ಸಿಕ್ಕಿದೆ. ಬೇಸಿಕ್ 1,200 ದಿರ್ಹಮ್, ಓಟಿ ಸೇರಿ 2,200 ಬರುತ್ತೆ ಅಂತಾರೆ. ಐದು ವರ್ಷದಲ್ಲಿ 30 ಲಕ್ಷ ಉಳಿಸಿಕೊಂಡು ಊರಿಗೆ ಬಂದು ಸೆಟ್ಲ್ ಆಗಬಹುದಾ?

ನಾನು ಭದ್ರಾವತಿಯವನು. ಪೀಣ್ಯದ ಒಂದು ಶೆಡ್‌ನಲ್ಲಿ ನಾಲ್ಕು ವರ್ಷ ಆರ್ಗನ್ ವೆಲ್ಡಿಂಗ್ ಮಾಡಿ, ಮುಂಬೈಯಲ್ಲಿ ಟ್ರೇಡ್ ಟೆಸ್ಟ್ ಕೊಟ್ಟು, 2012ರಲ್ಲಿ ಅಬುಧಾಬಿಯ ಮುಸಫ್ಫಾ ಕ್ಯಾಂಪಿಗೆ ಹೋದೆ. ಆಗ ದಿರ್ಹಮ್‌ಗೆ 14–15 ರೂಪಾಯಿ ಇತ್ತು. ನನ್ನ ಪ್ಲಾನೂ ಐದೇ ವರ್ಷ. ಎಂಟು ವರ್ಷ ಆಯಿತು. ಬರುವಾಗ ಊರಲ್ಲಿ ಎರಡಂತಸ್ತಿನ ಮನೆ ಇತ್ತು, ಕೈಯಲ್ಲಿ ಕೆಲಸ ಇರಲಿಲ್ಲ. ಸುಮ್ನೆ ಕೆಲಸ ಇರಲಿಲ್ಲ ಅಂತಲ್ಲ, ಕಲಿತ ಕೆಲಸವೇ ಕೈಯಲ್ಲಿ ಇರಲಿಲ್ಲ. ಅದು ಹೇಗೆ ಅಂತ ಹೇಳ್ತೀನಿ.

ನಾನು 6ಜಿ ವೆಲ್ಡರ್. ಪೈಪನ್ನು 45 ಡಿಗ್ರಿ ಓರೆಯಾಗಿ ಕಟ್ಟಿರುತ್ತಾರೆ, ತಿರುಗಿಸೋ ಹಾಗಿಲ್ಲ, ನಾವೇ ಅದರ ಸುತ್ತ ಬಗ್ಗಿ, ಎದ್ದು, ಮಲಗಿ ಜಾಯಿಂಟ್ ಮುಗಿಸಬೇಕು. ರೂಟ್, ಅಂದರೆ ಒಳಗಿನ ಮೊದಲ ಪದರ, ಆರ್ಗನ್‌ನಲ್ಲಿ, ಮೇಲಿನದು 7018 ರಾಡಲ್ಲಿ. ಮೊದಲ ನಾಲ್ಕು ವರ್ಷ ನನ್ನ ಜಾಯಿಂಟ್ ಎಕ್ಸ್‌ರೇಯಲ್ಲಿ ರಿಪೇರಿಗೆ ಬಂದದ್ದು ಬೆರಳೆಣಿಕೆ. ಅದಕ್ಕೇ 2016ರಲ್ಲಿ ಫೋರ್‌ಮನ್ ಮಾಡಿದರು. ಬೇಸಿಕ್ 300 ದಿರ್ಹಮ್ ಜಾಸ್ತಿ, ನೆರಳಲ್ಲಿ ಕೆಲಸ, ಕೈಯಲ್ಲಿ ವಾಕಿಟಾಕಿ. ಮನೆಗೆ ಫೋನ್ ಮಾಡಿ ಹೇಳಿದಾಗ ಅಪ್ಪ ಅತ್ತೇ ಬಿಟ್ಟರು. ಅವತ್ತಿನಿಂದ ನಾನು ವೆಲ್ಡಿಂಗ್ ಟಾರ್ಚ್ ಮುಟ್ಟಲಿಲ್ಲ.

ತಪ್ಪು ಅದೇ. ಫೋರ್‌ಮನ್ ಆಗಿದ್ದು ತಪ್ಪಲ್ಲ, ಟಾರ್ಚ್ ಬಿಟ್ಟಿದ್ದು ತಪ್ಪು. ಎ.ಎಸ್.ಎಂ.ಇ. ಸೆಕ್ಷನ್ 9 ಅಂತ ಕೋಡ್ ಇದೆ, ಗಲ್ಫ್‌ನ ತೈಲ-ಗ್ಯಾಸ್ ಪೈಪಿಂಗ್ ಕೆಲಸದಲ್ಲಿ ವೆಲ್ಡರ್ ಟೆಸ್ಟ್ ಸಾಮಾನ್ಯವಾಗಿ ಅದರ ಪ್ರಕಾರವೇ. ಅದರಲ್ಲಿ ಒಂದು ನಿಯಮ: ಆರು ತಿಂಗಳು ಒಂದು ಪ್ರೋಸೆಸ್‌ನಲ್ಲಿ ವೆಲ್ಡ್ ಮಾಡದಿದ್ದರೆ ಆ ಪ್ರೋಸೆಸ್‌ನ ಕ್ವಾಲಿಫಿಕೇಶನ್ ಬಿದ್ದುಹೋಗುತ್ತೆ. ಆರ್ಗನ್‌ಗೆ ಬೇರೆ ಲೆಕ್ಕ, ರಾಡಿಗೆ ಬೇರೆ ಲೆಕ್ಕ. ಉಳಿಸಿಕೊಳ್ಳೋಕೆ ಬೇಕಾದ್ದು ಎಷ್ಟು ಗೊತ್ತಾ? ಆರು ತಿಂಗಳೊಳಗೆ ಎರಡೂ ಸೇರಿದ ಒಂದೇ ಒಂದು ಜಾಯಿಂಟ್, ಗುಣಮಟ್ಟ ನೋಡೋ ಕ್ಯುಸಿಯವರ ರಿಜಿಸ್ಟರ್‌ನಲ್ಲಿ ನನ್ನ ಸ್ಟಾಂಪ್ ನಂಬರ್ ಮುಂದೆ ಒಂದು ಸಹಿ. ಅರ್ಧ ದಿನದ ಕೆಲಸ. ಆ ರಿಜಿಸ್ಟರ್ ಇದ್ದ ಕಂಟೇನರ್ ನನ್ನ ಟೇಬಲ್‌ನಿಂದ ಇಪ್ಪತ್ತು ಹೆಜ್ಜೆ. ನಾಲ್ಕು ವರ್ಷದಲ್ಲಿ ಒಮ್ಮೆಯೂ ಹೋಗಲಿಲ್ಲ. ನಾನು ಫೋರ್‌ಮನ್ ಅಲ್ವಾ, ನನಗ್ಯಾಕೆ ಅನ್ನೋ ಕೊಬ್ಬು.

2020ರಲ್ಲಿ ಪ್ರಾಜೆಕ್ಟ್ ಮುಗಿಯಿತು, ನಮ್ಮನ್ನೆಲ್ಲ ಕೆಲಸದಿಂದ ಕಳಿಸಿದರು. ರುವೈಸ್‌ನಲ್ಲಿ ಕೆಲಸ ಹಿಡಿದಿದ್ದ ಇನ್ನೊಂದು ಕಂಪನಿಗೆ ಹೋಗಿ, ಫೋರ್‌ಮನ್ ಅಂದೆ. ಲೇಬರ್ ಕಾಂಟ್ರಾಕ್ಟ್ ತೋರಿಸು ಅಂದರು. ಅದರಲ್ಲಿ ಇನ್ನೂ ‘ವೆಲ್ಡರ್’ ಅಂತಲೇ ಇತ್ತು, ಹುದ್ದೆ ಬದಲಾಯಿಸಿಕೊಡಿ ಅಂತ ನಾನು ಕೇಳಿರಲೇ ಇಲ್ಲ. ಸರಿ, ಹಾಗಾದರೆ 6ಜಿ ಟೆಸ್ಟ್ ಕೊಡು ಅಂದರು. ಹಳೇ ಕ್ವಾಲಿಫಿಕೇಶನ್ ಚಾಲ್ತಿಯಲ್ಲಿದ್ದರೂ ಹೊಸ ಕಂಪನಿ ತನ್ನದೇ ಟೆಸ್ಟ್ ತಗೋಳ್ತದೆ, ಅದು ಮಾಮೂಲಿ. ಕೂತೆ. ಮೇಲುಗಡೆ ಚೆನ್ನಾಗೇ ಬಂತು. ಕೆಳಗೆ, ಗಡಿಯಾರದ ಆರು ಗಂಟೆ ಇರೋ ಜಾಗದಲ್ಲಿ, ತಲೆ ಮೇಲೆತ್ತಿ ವೆಲ್ಡ್ ಮಾಡುವಾಗ ಕೈ ನಿಲ್ಲಲಿಲ್ಲ. ಎಕ್ಸ್‌ರೇಯಲ್ಲಿ ರೂಟ್ ಕುಳಿ ಬಿದ್ದಿತ್ತು. ಅಲ್ಲಿ ತಂತಿಯನ್ನು ಒಳಕ್ಕೆ ಒತ್ತಿ ಕೊಡದಿದ್ದರೆ ಕರಗಿದ ಲೋಹ ಕೆಳಕ್ಕೆ ಜೋತುಬೀಳುತ್ತೆ, ಪೈಪಿನ ಒಳಗಡೆ ಹಳ್ಳ ಆಗುತ್ತೆ. ಇದನ್ನು ನಾನೇ ಹುಡುಗರಿಗೆ ದಿನಾ ಬೈದು ಹೇಳಿಕೊಡ್ತಿದ್ದೆ! ಎರಡನೇ ಚಾನ್ಸ್‌ನಲ್ಲೂ ಫೇಲ್.

ಇನ್ನೊಂದು ಬಾಗಿಲೂ ಇತ್ತು. 2017ರಲ್ಲಿ ಜೊತೆಯ ಕೇರಳದ ಹುಡುಗನೊಬ್ಬ ವೆಲ್ಡಿಂಗ್ ಇನ್‌ಸ್ಪೆಕ್ಟರ್ ಸರ್ಟಿಫಿಕೇಟ್ ಮಾಡಿಕೊಂಡ, ಸಿ.ಎಸ್.ಡಬ್ಲ್ಯು.ಐ.ಪಿ. 3.1 ಅನ್ನೋದು. ಐದು ವರ್ಷ ಚಾಲ್ತಿ, ಆಮೇಲೆ ರಿನ್ಯೂ. ನನ್ನನ್ನೂ ಕರೆದ. ಫೀಸು ನನ್ನ ಮೂರ್ನಾಲ್ಕು ತಿಂಗಳ ಬೇಸಿಕ್ ಆಗ್ತಿತ್ತು. ಆ ವರ್ಷ ಊರಲ್ಲಿ ಎರಡನೇ ಅಂತಸ್ತು ಏಳ್ತಿತ್ತು, ಆ ದುಡ್ಡು ಗ್ರಾನೈಟಿಗೆ ಹೋಯಿತು. ಮೇಲಿನ ಅಂತಸ್ತಲ್ಲಿ ಈಗ ಅಡಿಕೆ ಚೀಲ ಇಟ್ಟಿದ್ದೇವೆ.

ಗ್ರಾಚ್ಯುಟಿಯಲ್ಲೂ ಲೆಕ್ಕ ತಪ್ಪಿತ್ತು. ಕೈಗೆ ಬರೋ 2,600 ದಿರ್ಹಮ್ ಮೇಲೆ ಲೆಕ್ಕ ಹಾಕಿಕೊಂಡು ಸುಮಾರು 3.4 ಲಕ್ಷ ಅಂದುಕೊಂಡಿದ್ದೆ. ಯುಎಇಯಲ್ಲಿ ಅದು ಬೇಸಿಕ್ ಮೇಲೆ ಮಾತ್ರ: ಮೊದಲ ಐದು ವರ್ಷ ವರ್ಷಕ್ಕೆ 21 ದಿನ, ಆಮೇಲೆ 30 ದಿನ. ನನ್ನ ಎಂಟು ವರ್ಷಕ್ಕೆ 195 ದಿನ. ಕೊನೆಯ ಬೇಸಿಕ್ 1,500, ಅಂದರೆ ದಿನಕ್ಕೆ 50. ಬಂದದ್ದು 9,750 ದಿರ್ಹಮ್, ಆಗಿನ ರೇಟಲ್ಲಿ ಎರಡು ಲಕ್ಷಕ್ಕೂ ಸ್ವಲ್ಪ ಕಡಿಮೆ.

ಈಗ ನಿಮ್ಮ 2,200ಕ್ಕೆ ಬರೋಣ. ನನಗೆ ಅದರ ಮೇಲೆ ನಂಬಿಕೆ ಇಲ್ಲ. 1,200 ಬೇಸಿಕ್ ಅಂದರೆ, ತಿಂಗಳಿಗೆ 30 ದಿನ, ದಿನಕ್ಕೆ ಎಂಟು ಗಂಟೆ ಲೆಕ್ಕದಲ್ಲಿ, ಗಂಟೆಗೆ 5 ದಿರ್ಹಮ್, ಓಟಿಗೆ ಕಾಲು ಭಾಗ ಸೇರಿ 6.25. ಸಾವಿರ ದಿರ್ಹಮ್ ಓಟಿ ಬರಬೇಕಾದರೆ ತಿಂಗಳಿಗೆ 160 ಗಂಟೆ, ಅಂದರೆ 26 ಕೆಲಸದ ದಿನ ಹಿಡಿದರೆ ದಿನಾ ಆರು ಗಂಟೆ ಮೇಲೆ. ಅಲ್ಲಿನ ಕಾನೂನಿನಲ್ಲಿ ಮಾಮೂಲಿಯಾಗಿ ದಿನಕ್ಕೆ ಎರಡು ಗಂಟೆ ಮೀರೋ ಹಾಗಿಲ್ಲ. ಎರಡು ಗಂಟೆ ಹಿಡಿದರೆ ಓಟಿ ಸುಮಾರು 325, ಒಟ್ಟು 1,525. ಊಟ, ಫೋನು ಅಂತ 400 ತೆಗೆಯಿರಿ. ದಿರ್ಹಮ್‌ಗೆ 23 ರೂಪಾಯಿ ಹಿಡಿದರೆ ತಿಂಗಳಿಗೆ 25–26 ಸಾವಿರ, ಐದು ವರ್ಷಕ್ಕೆ 15 ಲಕ್ಷ ಚಿಲ್ಲರೆ. ಅದೂ ರಜೆಯಲ್ಲಿ ಊರಿಗೆ ಬಂದಾಗ ಖರ್ಚೇ ಮಾಡದಿದ್ದರೆ. ಬೇರೆ ಅಲೋವೆನ್ಸ್ ಇದ್ದರೆ ಕಾಂಟ್ರಾಕ್ಟಲ್ಲಿ ಬರೆಸಿಕೊಳ್ಳಿ. ಓಟಿ ತೋರಿಸಿ ಆಸೆ ಹುಟ್ಟಿಸೋದು ಏಜೆಂಟರ ಹಳೇ ಚಾಳಿ.

ಹಾಗಂತ ಹೋಗಬೇಡಿ ಅಂತಿಲ್ಲ. ನಿಮ್ಮ ಪ್ರಶ್ನೆಯೇ ಸರಿ ಇಲ್ಲ ಅಂತೀನಿ. ಎಷ್ಟು ಲಕ್ಷ ತಗೊಂಡು ವಾಪಸ್ ಬರ್ತೀರಿ ಅನ್ನೋದಲ್ಲ, ಯಾವ ಕೆಲಸಕ್ಕೆ ವಾಪಸ್ ಬರ್ತೀರಿ ಅನ್ನೋದು ಮೊದಲು. ನಾನು ಬಂದ ಮೇಲೆ ಶಿವಮೊಗ್ಗದಲ್ಲಿ ಗೆಳೆಯನ ಶೆಡ್‌ನಲ್ಲಿ ಎರಡು ತಿಂಗಳು ಗುಜರಿ ಪೈಪ್ ಕತ್ತರಿಸಿ, ಜೋಡಿಸಿ, ಮತ್ತೆ ಕತ್ತರಿಸಿ ಕೈ ಕೂರಿಸಿಕೊಂಡೆ. ಆರ್ಗನ್ ಸಿಲಿಂಡರ್ ಖರ್ಚು ನನ್ನದೇ. ಆಮೇಲೆ ಬಾಯ್ಲರ್ ಇಲಾಖೆಯ ಐ.ಬಿ.ಆರ್. ಟೆಸ್ಟ್ ಪಾಸ್ ಮಾಡಿದೆ. ಈಗ ಕಬ್ಬು ಅರೆಯೋ ಸೀಸನ್ ಮುಗಿದ ಮೇಲೆ ಬಾಗಲಕೋಟೆ ಕಡೆಯ ಸಕ್ಕರೆ ಕಾರ್ಖಾನೆಗಳಲ್ಲಿ ಬಾಯ್ಲರ್ ಟ್ಯೂಬ್ ಬದಲಾಯಿಸೋ ಕೆಲಸ. ಬಾಯ್ಲರ್‌ನ ಒತ್ತಡದ ಭಾಗಗಳನ್ನು ಈ ಸರ್ಟಿಫಿಕೇಟ್ ಇಲ್ಲದವರು ಮುಟ್ಟೋ ಹಾಗಿಲ್ಲ, ಹಾಗಾಗಿ ಕರೆ ಬರುತ್ತೆ. ಈ ಟೆಸ್ಟನ್ನು ರಜೆಗೆ ಬಂದಾಗಲೇ ವಿಚಾರಿಸಿ ಇಟ್ಟುಕೊಂಡಿದ್ದರೆ ನನಗೆ ಒಂದು ವರ್ಷ ಉಳೀತಿತ್ತು.

ಅಲ್ಲಿ ಹೋದ ಮೇಲೆ ಪಾಸಾದ ಪ್ರತಿ ಟೆಸ್ಟ್ ಪೇಪರ್, ಆ ರಿಜಿಸ್ಟರ್‌ನ ನಿಮ್ಮ ಸಾಲು, ಎರಡರ ಫೋಟೋ ಕೇಳಿ ತೆಗೆದಿಟ್ಟುಕೊಳ್ಳಿ. ಪ್ರಾಜೆಕ್ಟ್ ಮುಗಿದ ದಿನ ಆ ಕಂಟೇನರ್ ಎಲ್ಲಿಗೆ ಹೋಗುತ್ತೆ ಅಂತ ಯಾರಿಗೂ ಗೊತ್ತಿರಲ್ಲ. ಸಂಬಳ ಎನ್‌ಆರ್‌ಇ ಖಾತೆಗೆ ಹಾಕಿ, ನನ್ನ ಹಾಗೆ ಅಣ್ಣನ ಖಾತೆಗಲ್ಲ. ಅಣ್ಣ ಒಳ್ಳೆಯವನೇ, ಆದರೆ ಮನೆಯಲ್ಲಿ ದುಡ್ಡು ಕಂಡರೆ ಸಿಮೆಂಟ್ ಬರುತ್ತೆ.

ಒಂದು ವಿಷಯ ನೀವು ಬರೆದಿಲ್ಲ. ಟೆಸ್ಟ್ ಕೊಟ್ಟ ಪೈಪ್ ಎಷ್ಟು ಇಂಚು? ಆರು ಇಂಚಲ್ಲಿ ಕೊಟ್ಟರೆ ಎರಡು ಇಂಚಿನ ಪೈಪ್ ಮುಟ್ಟೋಕೆ ಬಿಡಲ್ಲ, ಎರಡು ಇಂಚಲ್ಲಿ ಕೊಟ್ಟರೆ ಆರು ಇಂಚೂ ಮಾಡಬಹುದು. ದಪ್ಪದ ಮಿತಿ ಮಾತ್ರ ಬೇರೆ ಇರುತ್ತೆ. ಅದು ಗೊತ್ತಾದರೆ ಈ 1,200 ಕಮ್ಮಿಯೋ ಸರಿಯೋ ಅಂತ ಹೇಳ್ತೀನಿ.