ಅತ್ತೆಯ ಹಂಡೆ, ನಿಮ್ಮ ಫ್ಲಾಟು

ಪತ್ರ: ತೀರ್ಥಹಳ್ಳಿಯಲ್ಲಿರುವ ನನ್ನ ಸೋದರತ್ತೆಗೆ 82 ವರ್ಷ. ತಾಮ್ರದ ಹಂಡೆ, ಎರಡು ಹಿತ್ತಾಳೆ ತಪ್ಪಲೆ, ಒಂದು ಗಿಂಡಿ ನನಗೇ ಅಂತ ಎತ್ತಿಟ್ಟಿದ್ದಾರೆ, ಮುಂದಿನ ತಿಂಗಳು ಗಾಡಿಗೆ ಹಾಕಿಸ್ತಾರಂತೆ. ನಮ್ಮದು ಬೆಂಗಳೂರಲ್ಲಿ ಚಿಕ್ಕ ಫ್ಲಾಟು, ಇಂಡಕ್ಷನ್ ಒಲೆ. ಬೇಡ ಅಂತ ಹೇಗೆ ಹೇಳಲಿ?
– ಓದುಗರೊಬ್ಬರು, ಬೆಂಗಳೂರು

ಉತ್ತರ: ಗಾಡಿ ಹೊರಡುವ ಮೊದಲೇ ಹೇಳಿ, ಫೋನಿನಲ್ಲಿ ಮಾತ್ರ ಬೇಡ. ಒಂದು ಶನಿವಾರ ಬಸ್ಸು ಹತ್ತಿ ಹೋಗಿ ಎಲ್ಲವನ್ನೂ ಅಟ್ಟದಿಂದ ಇಳಿಸಿ, ಅತ್ತೆಯ ಜೊತೆ ಕೂತು ನೋಡಿ. ನಾನು ಹಾಗೆ ಮಾಡಲಿಲ್ಲ. ದೊಡ್ಡಮ್ಮ ಕೊಟ್ಟ ತಪ್ಪಲೆಯನ್ನು ಹೂಂ ಎಂದು ತಂದು ಸಜ್ಜದ ಮೇಲೆ ತಳ್ಳಿದ್ದೆ. ಎರಡು ವರ್ಷ ಕಳೆದು ಮನೆಗೆ ಬಂದವರು, "ಅದರಲ್ಲೇ ಹುಗ್ಗಿ ಮಾಡೋಣ" ಅಂದರು. ಇಳಿಸಿದರೆ ಒಳಗೆಲ್ಲ ಹಸಿರು ಕಿಲುಬು. ದೊಡ್ಡಮ್ಮ ಏನೂ ಅನ್ನಲಿಲ್ಲ. ಕಂಠದ ಮೇಲೆ ಕೊರೆಸಿದ್ದ ತಮ್ಮ ಹೆಸರನ್ನು ಸೆರಗಿನಿಂದ ಒರೆಸಿದರು, ಅಷ್ಟೇ.

ಜಾಗವಿಲ್ಲ ಎಂದರೆ ಅತ್ತೆ "ಮಂಚದ ಕೆಳಗಿಡು" ಅನ್ನುತ್ತಾರೆ. ಕಲಾಯಿಯ ಮಾತು ತೆಗೆಯಿರಿ, ಅದು ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು. ತಪ್ಪಲೆಯ ಒಳಮೈಯನ್ನು ಬೆಳಕಿಗೆ ಹಿಡಿದು ತೋರಿಸಿ. ಬೆಳ್ಳಗಿರಬೇಕಾದಲ್ಲಿ ಹಳದಿ ಇಣುಕುತ್ತಿದ್ದರೆ ತವರ ಸವೆದಿದೆ. ಅದರಲ್ಲಿ ಹುಳಿ ಕುದಿಸಿದರೆ ಲೋಹ ಸಾರಿಗೆ ಇಳಿಯುತ್ತದೆ, ಬಾಯಿಗೆ ಕಿಲುಬು ರುಚಿ ಬರುತ್ತದೆ. ಪಾತ್ರೆ ಕಾಯಿಸಿ, ನವಸಾಗರ ಉದುರಿಸಿ, ಕರಗಿದ ತವರವನ್ನು ಹತ್ತಿಯಲ್ಲಿ ಬಳಿಯುವ ಕಲಾಯಿಯವರು ನಿಮ್ಮ ಬೀದಿಗೆ ಬರುತ್ತಾರಾ? ಕಲಾಯಿ ಹಾಕಿಸಿದರೂ ತಾಮ್ರ, ಹಿತ್ತಾಳೆ ಸಾಮಾನ್ಯ ಇಂಡಕ್ಷನ್ ಒಲೆಯ ಮೇಲೆ ಕಾಯುವುದಿಲ್ಲ. ತಳಕ್ಕೆ ಅಯಸ್ಕಾಂತ ಅಂಟುವ ಪಾತ್ರೆಯೇ ಅದಕ್ಕೆ ಬೇಕು. ಇನ್ನು ಹಂಡೆಗೆ ಬಚ್ಚಲೊಲೆಯೇ ಬೇಕು, ಗೀಸರಿನ ಮನೆಯಲ್ಲಿ ಅದು ಛತ್ರಿ ಇಡುವ ಡಬ್ಬಿಯಾಗುತ್ತದೆ. ಇದನ್ನು ಹೀಗೇ ಹೇಳಿ: "ಅತ್ತೆ, ನನ್ನ ಹತ್ರ ಬಂದ್ರೆ ಇದು ಒಲೆ ಕಾಣಲ್ಲ. ಇನ್ನೂ ಸೌದೆ ಉರಿಸೋರು ನಮ್ಮಲ್ಲಿ ಯಾರಿದ್ದಾರೆ? ನೀವೇ ಹೇಳಿ."

ಯಾರಿಗೆ ಎಂಬುದನ್ನು ಅತ್ತೆಯೇ ಹೇಳಲಿ. ಅಡಿಕೆ ಬೇಯಿಸುವ ಮನೆಯ ಸೊಸೆಯ ಹೆಸರು ಅವರ ಬಾಯಲ್ಲೇ ಬರಬಹುದು. ದೇವಸ್ಥಾನದ ಸಂತರ್ಪಣೆಗೆ ಕೊಡೋಣ ಎಂದರೆ ಪಾಕಶಾಲೆಯವರನ್ನು ಮೊದಲು ಕೇಳಿ. ಅಲ್ಲಿಯೂ ಈಗ ಸ್ಟೀಲೇ ಇರಬಹುದು, ಹೊತ್ತು ಹೋಗಿ ವಾಪಸ್ ತರುವುದು ಇನ್ನೂ ಕಷ್ಟ. ನಾಳೆ ಅಣ್ಣನ ಮನೆಯವರು "ನಮಗ್ಯಾಕೆ ಹೇಳಲಿಲ್ಲ" ಎನ್ನದ ಹಾಗೆ ಈ ಮಾತು ಅವರ ಎದುರಿಗೇ ಆಗಲಿ.

ಗಿಂಡಿಯನ್ನು ಮಾತ್ರ ಬಿಡಬೇಡಿ, ಕೇಳಿ ಇಸಿದುಕೊಳ್ಳಿ. ತುಳಸಿಗೆ ನೀರು ಹಾಕಲು ಕಲಾಯಿ ಬೇಕಿಲ್ಲ, ವಾರಕ್ಕೊಮ್ಮೆ ಹುಣಸೆಹಣ್ಣು ಹಾಕಿ ತಿಕ್ಕಿದರೆ ಸಾಕು. ಮೂತಿಯ ಒಳಗೆ ಕೈ ಹೋಗುವುದಿಲ್ಲ. ಅದನ್ನು ಹೇಗೆ ತೊಳೆಯುತ್ತಿದ್ದಿರಿ ಎಂದು ಬಸ್ಸಿಗೆ ಹೊರಡುವ ಮೊದಲು ಅತ್ತೆಯನ್ನೇ ಕೇಳಿ.