ಅಸ್ತಮಾ ಇದ್ದರೆ ಅಪಾಯ ಕಡಿಮೆ ಎಂದ ಮಾಡೆಲ್

ಪ್ರಶ್ನೆ: ಕಂಪ್ಯೂಟರ್ ಮಾಡೆಲ್ 100ಕ್ಕೆ 90 ಸಲ ಸರಿ ಹೇಳುತ್ತೆ ಅಂದ್ಮೇಲೂ ಡಾಕ್ಟರು, ಜಡ್ಜು ಕಾರಣ ಕೇಳ್ತಾರಲ್ಲ, ಯಾಕೆ?

ಹಳೆಯ ದಾಖಲೆಗಳಿಂದ ಕಲಿತು ಮುಂದೇನಾಗಬಹುದು ಎಂದು ಅಂದಾಜಿಸುವ ಇಂಥ ಮಾಡೆಲ್‌ಗಳನ್ನು ಬೆಂಗಳೂರಿನಲ್ಲಿ ಆಸ್ಪತ್ರೆಗಳಿಗೆ ಕಟ್ಟುವ ತಂಡದಲ್ಲಿದ್ದೇನೆ. ಹೊಸಬರು ಸೇರಿದಾಗ ನಾನು ಮೊದಲು ಹೇಳುವುದು ಅಮೆರಿಕದ ನ್ಯುಮೋನಿಯಾ ಮಾಡೆಲ್ ವಿಷಯ. 1990ರ ದಶಕದಲ್ಲಿ ಯಾರನ್ನು ಅಡ್ಮಿಟ್ ಮಾಡಬೇಕು, ಯಾರನ್ನು ಮನೆಗೆ ಕಳಿಸಬಹುದು ಎಂದು ತಿಳಿಯಲು, ರೋಗಿ ಸಾಯುವ ಅಪಾಯವನ್ನು ಲೆಕ್ಕ ಹಾಕುವ ಮಾಡೆಲ್‌ಗಳನ್ನು ಕಟ್ಟಿದರು. ಎಲ್ಲಕ್ಕಿಂತ ನಿಖರವಾಗಿದ್ದದ್ದು ನ್ಯೂರಲ್ ನೆಟ್‌ವರ್ಕ್, ಅಂದರೆ ಒಳಗಿನ ಲೆಕ್ಕವನ್ನು ಬಿಡಿಸಿ ಓದಲು ಕಷ್ಟವಾದ ಮಾಡೆಲ್. ಆದರೆ ಅದೇ ಡೇಟಾದಿಂದ ಕಲಿತ, ನಿಯಮಗಳನ್ನು ಬಿಡಿಸಿ ತೋರಿಸುವ ಇನ್ನೊಂದು ಮಾಡೆಲ್‌ನಲ್ಲಿ ವಿಚಿತ್ರ ನಿಯಮವೊಂದು ಕಂಡಿತು: ಅಸ್ತಮಾ ಇದ್ದರೆ ಅಪಾಯ ಕಡಿಮೆ!

ಡೇಟಾ ಸುಳ್ಳಾಗಿರಲಿಲ್ಲ. ಅಸ್ತಮಾ ಇದ್ದವರನ್ನು ಡಾಕ್ಟರುಗಳು ನೇರ ಐಸಿಯುಗೆ ಸೇರಿಸಿ ಜೋರಾಗಿ ಚಿಕಿತ್ಸೆ ಕೊಡುತ್ತಿದ್ದರು, ಹಾಗಾಗಿ ಅವರು ಹೆಚ್ಚು ಬದುಕುಳಿದಿದ್ದರು. ಆ ಚಿಕಿತ್ಸೆಯ ಫಲವನ್ನು ಮಾಡೆಲ್ ಅಸ್ತಮಾದ ಲೆಕ್ಕಕ್ಕೆ ಬರೆದುಕೊಂಡಿತ್ತು. ಮಾಡೆಲ್ ಎಷ್ಟು ನಿಖರ ಎಂದು ಪರೀಕ್ಷಿಸುವ ಡೇಟಾ ಕೂಡ ಅವೇ ಆಸ್ಪತ್ರೆಗಳದ್ದು, ಹಾಗಾಗಿ ಈ ತಪ್ಪು ನಿಖರತೆಯನ್ನು ಹೆಚ್ಚಿಸುತ್ತದೆಯೇ ಹೊರತು ತಗ್ಗಿಸುವುದಿಲ್ಲ. ಅದೇ ಡೇಟಾದಿಂದ ಕಲಿತ ನ್ಯೂರಲ್ ನೆಟ್‌ವರ್ಕ್ ಒಳಗೂ ಇಂಥದೇ ತಪ್ಪು ಅಡಗಿರಬಹುದು ಎಂದು ಕೊನೆಗೆ ಅದನ್ನು ರೋಗಿಗಳ ಮೇಲೆ ಬಳಸಲೇ ಇಲ್ಲ. ನಮ್ಮೂರಿನ ಧೂಳಿನಲ್ಲಿ ಇನ್‌ಹೇಲರ್ ಇಟ್ಟುಕೊಂಡು ಓಡಾಡುವವರನ್ನು ನೆನೆದರೆ, ಆ ಮಾಡೆಲ್ ಯಾರನ್ನು ಮನೆಗೆ ಕಳಿಸುತ್ತಿತ್ತು ಎಂದು ಎದೆ ಝಲ್ಲೆನ್ನುತ್ತದೆ.

ಈಗ ಮಾಡೆಲ್‌ನ ಉತ್ತರದಲ್ಲಿ ಯಾವ ಅಂಶದ ಪಾಲು ಎಷ್ಟು ಎಂದು ತೋರಿಸುವ ಶ್ಯಾಪ್ ಥರದ ವಿಧಾನಗಳಿವೆ. ಉದಾಹರಣೆಗೆ ಸರಾಸರಿ ರೋಗಿಯ ಅಪಾಯ 10%, ಮುಂದಿರುವ ರೋಗಿಗೆ ಮಾಡೆಲ್ ಹೇಳಿದ್ದು 14% ಎಂದುಕೊಳ್ಳಿ. ನಡುವಿನ 4ರ ವ್ಯತ್ಯಾಸವನ್ನು ಶ್ಯಾಪ್ ಹಂಚಿ ತೋರಿಸುತ್ತದೆ: ವಯಸ್ಸಿಗೆ +6, ಇಳಿದ ಬಿಪಿಗೆ +3, ಅಸ್ತಮಾಗೆ −5. ಆ −5 ಕಂಡ ಕೂಡಲೇ ಯಾವ ಡಾಕ್ಟರಾದರೂ "ಇದು ಉಲ್ಟಾ" ಎನ್ನುತ್ತಾರೆ. ಅವರು ಕಾರಣ ಕೇಳುವುದು ಇದಕ್ಕೇ.

ಆದರೆ ಈ ಅಂಕಿ ಹೇಳುವುದು ಮಾಡೆಲ್ ಯಾವುದಕ್ಕೆ ಎಷ್ಟು ತೂಕ ಕೊಟ್ಟಿತು ಎಂಬುದನ್ನು ಮಾತ್ರ, ರೋಗಿಯ ದೇಹದಲ್ಲಿ ಏನಾಗುತ್ತಿದೆ ಎಂಬುದನ್ನಲ್ಲ. ಹೋಲಿಕೆಗೆ ಇಟ್ಟುಕೊಂಡ "ಸರಾಸರಿ" ಬದಲಾದರೆ ಅಂಕಿಗಳೂ ಬದಲಾಗುತ್ತವೆ. ಕಿಡ್ನಿ ಸೋತಾಗ ರಕ್ತದಲ್ಲಿ ಏರುವ ಯೂರಿಯಾ, ಕ್ರಿಯಾಟಿನಿನ್ ಥರ ಜೊತೆಜೊತೆಗೆ ಏರುವ ಅಂಶಗಳ ನಡುವೆ ಪಾಲು ಹಂಚಿಹೋಗಿ ಎರಡೂ ಚಿಕ್ಕದಾಗಿ ಕಾಣಬಹುದು. ಡೇಟಾದಿಂದ ಅಸ್ತಮಾ ಕಾಲಂ ಅಳಿಸಿದರೂ ಸಾಲದು, ಇನ್‌ಹೇಲರ್ ಔಷಧದ ಕಾಲಂ ಅದೇ ಕೆಲಸ ಮಾಡಬಹುದು.

ಜಡ್ಜ್ ಕಾರಣ ಕೇಳುವುದು ಬೇರೆ ಕಾರಣಕ್ಕೆ. ಆದೇಶದಲ್ಲಿ ಕಾರಣ ಬರೆದಿದ್ದರೆ ತಾನೇ ಅದನ್ನು ಮೇಲಿನ ಕೋರ್ಟಿನಲ್ಲಿ ಪ್ರಶ್ನಿಸಲು ಸಾಧ್ಯ? ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಲೂಮಿಸ್ ಎಂಬ ಆರೋಪಿಗೆ ಶಿಕ್ಷೆ ವಿಧಿಸುವಾಗ ಆರೋಪಿ ಮತ್ತೆ ಅಪರಾಧ ಮಾಡುವ ಅಪಾಯಕ್ಕೆ ಅಂಕ ಕೊಡುವ ಕಾಂಪಾಸ್ ಎಂಬ ತಂತ್ರಾಂಶದ ಅಂಕವನ್ನೂ ನೋಡಿದ್ದರು. ಯಾವ ಅಂಶಕ್ಕೆ ಎಷ್ಟು ತೂಕ ಎಂಬುದು ಕಂಪನಿಯ ವ್ಯಾಪಾರ ರಹಸ್ಯ. 2016ರಲ್ಲಿ ಆ ರಾಜ್ಯದ ಸುಪ್ರೀಂ ಕೋರ್ಟ್ ಅಂಕ ಬಳಸಲು ಬಿಟ್ಟಿತು, ಆದರೆ ಅದೊಂದನ್ನೇ ನೆಚ್ಚಿ ಶಿಕ್ಷೆ ನಿರ್ಧರಿಸಬಾರದು, ಅದರ ಮಿತಿಗಳನ್ನು ಜಡ್ಜ್‌ಗೆ ಲಿಖಿತವಾಗಿ ತಿಳಿಸಬೇಕು ಎಂದಿತು. ನನ್ನ ಪ್ರಕಾರ ಅಷ್ಟೂ ಸಾಲದು. ತನ್ನ ಬಗ್ಗೆ ಯಾವ ಮಾಹಿತಿ ಹಾಕಿದರು, ಅದು ಅಂಕವನ್ನು ಎಷ್ಟು ಏರಿಸಿತು ಎಂದು ಆರೋಪಿಗೆ ಗೊತ್ತಾಗದಿದ್ದರೆ, ತಪ್ಪು ನಮೂದಾದ ಒಂದು ಹಳೆಯ ಕೇಸನ್ನೂ ಅವನ ವಕೀಲರು ಪ್ರಶ್ನಿಸಲಾರರು.